ಒಂಬತ್ತು ತಿಂಗಳ ಕೂಸು, 7.2 ಕೆ.ಜಿ.: ಬೆಳವಣಿಗೆ ಚಾರ್ಟಿನ ಫೋಟೊ ಓದುವುದು ಹೇಗೆ?

ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿರುತ್ತಾನೆ, ಕೂಸು ಅವ್ವ-ಅಜ್ಜಿಯ ಜೊತೆ ಊರಲ್ಲಿರುತ್ತದೆ. ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದ ದಿನ ಚಾರ್ಟಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹೋಗುತ್ತದೆ. ಅದರಲ್ಲಿ ಬಾಗಿದ ಗೆರೆಗಳು, ಪೆನ್ನಿನ ನಾಲ್ಕೈದು ಚುಕ್ಕೆಗಳು. ಕೊನೆಯ ಚುಕ್ಕೆ ಕೆಳಗಿನ ಗೆರೆಗೆ ಇಳಿದಿದ್ದರೆ ಆ ಕಡೆಯಿಂದ ಬರುವ ಮೊದಲ ಮಾತು: "ಕೂಸು ಯಾಕ ಇಳಿಯಾಕತ್ತೈತಿ?"

ಇಂಥದ್ದೊಂದು ಚಾರ್ಟನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹೆಣ್ಣುಕೂಸು, ತಿಂಗಳು ತುಂಬಿ ಹುಟ್ಟಿದ್ದು. ಹುಟ್ಟಿದಾಗ 3.4 ಕೆ.ಜಿ. ಎರಡು ತಿಂಗಳಿಗೆ 5.3, ನಾಲ್ಕಕ್ಕೆ 6.4, ಆರಕ್ಕೆ 7.1, ಒಂಬತ್ತಕ್ಕೆ 7.2. ಮೊದಲ ಚುಕ್ಕೆಗಳು ನಡುವಿನ ಗೆರೆಯ ಆಸುಪಾಸಿನಲ್ಲಿವೆ. ಕೊನೆಯದು 15 ಅಂತ ಬರೆದ ಗೆರೆಗಿಂತ ಸ್ವಲ್ಪ ಕೆಳಗೆ ಕೂತಿದೆ.

ಗಾಬರಿಯಾಗುವ ಮೊದಲು ಫೋಟೊವನ್ನೇ ಸರಿಯಾಗಿ ನೋಡಬೇಕು. ಚಾರ್ಟಿನ ತಲೆಬರಹ ಫೋಟೊದಲ್ಲಿ ಬಂದಿದೆಯಾ? ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಬೇರೆ ಬೇರೆ ಚಾರ್ಟ್ ಇದೆ. ಒಂಬತ್ತು ತಿಂಗಳಲ್ಲಿ ನಡುಗೆರೆ ಹುಡುಗಿಯರಿಗೆ 8.2 ಕೆ.ಜಿ., ಹುಡುಗರಿಗೆ 8.9. ನಮ್ಮ ಕೂಸಿನ 7.2 ಕೆ.ಜಿ.ಯನ್ನು ಅವಸರದಲ್ಲಿ ಹುಡುಗರ ಚಾರ್ಟಿನಲ್ಲಿ ಗುರುತು ಹಾಕಿದರೆ ಅದು ಎಲ್ಲಕ್ಕಿಂತ ಕೆಳಗಿನ, 3ರ ಗೆರೆಯ ಮೇಲೆ ಹೋಗಿ ಕೂರುತ್ತದೆ. ಕೂಸು ಅದೇ, ತೂಕ ಅದೇ, ತಪ್ಪಿದ್ದು ಹಾಳೆ ಮಾತ್ರ.

ಇನ್ನೊಂದು ವಯಸ್ಸಿನ ಲೆಕ್ಕ. ನಮ್ಮ ಕಡೆ "ಒಂಬತ್ತರಾಗ ಐತಿ" ಅಂದರೆ ಎಂಟು ತುಂಬಿ ಒಂಬತ್ತನೆಯದು ನಡೆಯುತ್ತಿದೆ ಅಂತ. ಚಾರ್ಟಿಗೆ ಬೇಕಿರುವುದು ತುಂಬಿದ ತಿಂಗಳು. ಎಂಟು ತುಂಬಿದ ಹುಡುಗಿಗೆ 15ರ ಗೆರೆ 7.0 ಕೆ.ಜಿ.ಯಲ್ಲಿದೆ, ಒಂಬತ್ತು ತುಂಬಿದವಳಿಗೆ 7.3ರಲ್ಲಿ. ಅಂದರೆ 7.2 ಕೆ.ಜಿ.ಯ ಕೂಸು ಒಂದು ಲೆಕ್ಕದಲ್ಲಿ ಗೆರೆಯ ಮೇಲಿದೆ, ಇನ್ನೊಂದರಲ್ಲಿ ಕೆಳಗಿದೆ. ಅದಕ್ಕೇ ಹುಟ್ಟಿದ ತಾರೀಖು ಮತ್ತು ತೂಕ ಮಾಡಿದ ತಾರೀಖು ಕೇಳಿ ನಾವೇ ಎಣಿಸುವುದು ಒಳ್ಳೆಯದು. ಕೂಸು ಎಂಟು ವಾರ ಮುಂಚೆ ಹುಟ್ಟಿದ್ದರೆ ವಯಸ್ಸಿನಲ್ಲಿ ಆ ಎಂಟು ವಾರ ಕಳೆದು ಗುರುತು ಹಾಕಬೇಕು. ಎರಡು ವರ್ಷ ತುಂಬುವವರೆಗೆ ಹೀಗೇ ಮಾಡುತ್ತಾರೆ.

ಮೊಬೈಲ್ ಓರೆ ಹಿಡಿದು ತೆಗೆದ ಫೋಟೊದಲ್ಲಿ ದೂರದ ಚೌಕಗಳು ಚಿಕ್ಕದಾಗಿ, ಹತ್ತಿರದವು ದೊಡ್ಡದಾಗಿ ಕಾಣುತ್ತವೆ. ಹಾಳೆ ಮಡಚಿದ್ದರೆ ಗೆರೆಗಳೂ ಬಾಗುತ್ತವೆ. ಸ್ಕ್ರೀನಿನ ಮೇಲೆ ಸ್ಕೇಲ್ ಇಟ್ಟು ಅಳೆದರೆ ಉತ್ತರ ತಪ್ಪೇ ಬರುತ್ತದೆ. ಹಾಳೆಯಲ್ಲಿ ಅಚ್ಚಾದ ಗೆರೆಯನ್ನೇ ಹಿಡಿದು ಹೋಗಬೇಕು. ಕೆಳಗೆ ತಿಂಗಳು ಹುಡುಕಿ, ಅಲ್ಲಿಂದ ನಿಂತ ಗೆರೆ ಎತ್ತ ವಾಲಿದರೂ ಅದರ ಜೊತೆಗೇ ಚುಕ್ಕೆಯವರೆಗೆ ಏರಿ, ಆಮೇಲೆ ಅಡ್ಡ ಗೆರೆ ಹಿಡಿದು ಎಡಕ್ಕೆ ಬಂದು ಕೆ.ಜಿ. ಓದಬೇಕು. ಐದು ವರ್ಷದವರೆಗಿನ ಚಾರ್ಟ್ ಆದರೆ ಮೊದಲ ವರ್ಷ ಐದನೇ ಒಂದು ಪಾಲು ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ದಪ್ಪ ಚುಕ್ಕೆಯೊಂದೇ ಎರಡು ಗೆರೆಗಳ ನಡುವಿನ ಅರ್ಧ ಜಾಗ ಮುಚ್ಚಬಹುದು. ಹೀಗಿರುವಾಗ ತಾರೀಖು, ತೂಕ ಬರೆದ ಪುಟದ ಫೋಟೊವನ್ನೂ ಕಳಿಸಿ ಅನ್ನಿ. ಚುಕ್ಕೆಗಿಂತ ಆ ಅಂಕಿಗಳೇ ಹೆಚ್ಚು ನಂಬಿಕೆಗೆ ಅರ್ಹ.

ನಮ್ಮ ಉದಾಹರಣೆಯಲ್ಲಿ ಹಾಳೆ ಸರಿಯಿದೆ, ವಯಸ್ಸು ಸರಿಯಿದೆ, ಅಂಕಿಯೂ ಸರಿಯಿದೆ ಅಂತಿಟ್ಟುಕೊಳ್ಳಿ. ಈಗ ಗೆರೆಗಳ ಮಾತು.

ಒಂಬತ್ತು ತಿಂಗಳು ತುಂಬಿದ, ಚೆನ್ನಾಗಿರುವ 100 ಹುಡುಗಿಯರನ್ನು ತೂಕದ ಪ್ರಕಾರ ಸಾಲಾಗಿ ಕೂರಿಸಿದರೆ, ಸುಮಾರು 15 ಕೂಸುಗಳು 7.3 ಕೆ.ಜಿ.ಗಿಂತ ಹಗುರವಾಗಿರುತ್ತವೆ. ಆ ಜಾಗವೇ 15ನೇ ಪರ್ಸೆಂಟೈಲ್. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ, 35ಕ್ಕಿಂತ ಕೆಳಗೆ ಬಂದರೆ ಫೇಲ್ ಅನ್ನುವ ಹಾಗಿಲ್ಲ. ಆ 15 ಕೂಸುಗಳೂ ಆರೋಗ್ಯವಾಗಿರುವ ಮಕ್ಕಳೇ. 3ರ ಗೆರೆಯ ಕೆಳಗೂ 100ರಲ್ಲಿ ಮೂವರು ಇರುತ್ತಾರೆ. ಹುಟ್ಟಿದಾಗಿನಿಂದ 15ರ ಗೆರೆಯ ಪಕ್ಕದಲ್ಲೇ ಏರುತ್ತಾ ಬಂದ ಕೂಸಿನ ಬಗ್ಗೆ ಚಿಂತೆ ಬೇಡ. ಅದರ ಮೈಕಟ್ಟೇ ಹಾಗೆ.

ಇವು ಯಾವ ಊರಿನ ಮಕ್ಕಳ ಗೆರೆಗಳು ಅಂತ ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ವಿಶ್ವ ಆರೋಗ್ಯ ಸಂಸ್ಥೆ ಇವನ್ನು 2006ರಲ್ಲಿ ಹೊರತಂದಿತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು. ನಮ್ಮ ದೇಶದಿಂದ ದಕ್ಷಿಣ ದೆಹಲಿಯ ಮಕ್ಕಳಿದ್ದರು. ಎದೆಹಾಲು ಕುಡಿದು, ಕೊರತೆಯಿಲ್ಲದ ಮನೆಗಳಲ್ಲಿ ಬೆಳೆದ ಮಕ್ಕಳನ್ನೇ ಆರಿಸಿದ್ದರು. ಹಾಗೆ ಬೆಳೆದಾಗ ಆರೂ ದೇಶಗಳ ಮಕ್ಕಳ ಉದ್ದ ಹೆಚ್ಚುಕಡಿಮೆ ಒಂದೇ ಥರ ಇತ್ತು. ಆದ್ದರಿಂದ "ನಮ್ಮ ಕಡೆ ಮಕ್ಕಳು ಸಣ್ಣವೇ ಬಿಡಿ" ಅಂತ ಈ ಚಾರ್ಟನ್ನು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಈಗ ಇಳಿತಕ್ಕೆ ಬರೋಣ. ನಮ್ಮ ಕೂಸಿನ ತೂಕ ನಿಜವಾಗಿ ಇಳಿದಿಲ್ಲ. 7.1 ಇದ್ದದ್ದು 7.2 ಆಗಿದೆ. ಆದರೆ ಅಷ್ಟೇ ಮೂರು ತಿಂಗಳಲ್ಲಿ ನಡುಗೆರೆ 7.3ರಿಂದ 8.2ಕ್ಕೆ ಏರಿದೆ, ಅಂದರೆ 900 ಗ್ರಾಂ. ಕೂಸು ಏರಿದ್ದು 100 ಗ್ರಾಂ. ಆರು ತಿಂಗಳಲ್ಲಿದ್ದ ಜಾಗವನ್ನೇ ಉಳಿಸಿಕೊಂಡಿದ್ದರೆ ಈಗ ಸುಮಾರು 8 ಕೆ.ಜಿ. ಇರಬೇಕಿತ್ತು. ಗೆರೆಗಳು ಮೇಲೆ ಹೋಗುತ್ತಿವೆ, ಕೂಸು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಚಾರ್ಟಿನಲ್ಲಿ ಇಳಿತದಂತೆ ಕಾಣುವುದು ಇದೇ.

ಎಲ್ಲ ಇಳಿತವೂ ಹೀಗಿರುವುದಿಲ್ಲ. ಹುಟ್ಟಿನ ತೂಕ ಹೊಟ್ಟೆಯೊಳಗೆ ಸಿಕ್ಕ ಪೋಷಣೆಯನ್ನು ಜಾಸ್ತಿ ತೋರಿಸುತ್ತದೆ. ಹುಟ್ಟಿದ ಮೇಲೆ ಕೂಸು ಅಪ್ಪ-ಅವ್ವನಿಂದ ಬಂದ ತನ್ನ ಮೈಕಟ್ಟಿನ ದಾರಿಗೆ ನಿಧಾನವಾಗಿ ಸರಿಯುತ್ತದೆ. ದಪ್ಪಗೆ ಹುಟ್ಟಿದ ಕೂಸು ಮೊದಲ ಎರಡು ವರ್ಷದಲ್ಲಿ ಒಂದು ಗೆರೆ ಕೆಳಗೆ ಬಂದು ಅಲ್ಲೇ ನೆಲೆಯಾಗುವುದು ಸಾಮಾನ್ಯ. ಅಂಥ ಸರಿಯುವಿಕೆಯಲ್ಲಿ ಪ್ರತಿ ಚುಕ್ಕೆಯೂ ಹಿಂದಿನದಕ್ಕಿಂತ ಮೇಲಿರುತ್ತದೆ, ಬಾಗು ಮಾತ್ರ ಸ್ವಲ್ಪ ಮೆತ್ತಗಾಗುತ್ತದೆ. ನಾಲ್ಕು ತಿಂಗಳವರೆಗೆ ನಡುಗೆರೆಯಲ್ಲಿದ್ದು ಆರರಿಂದ ಒಂಬತ್ತರೊಳಗೆ ಚಪ್ಪಟೆಯಾಗುವುದು ಬೇರೆ.

ತಕ್ಕಡಿಯೂ ಮೋಸ ಮಾಡಬಹುದು. ಈ ವಯಸ್ಸಿನ ಕೂಸು ತಿಂಗಳಿಗೆ ಏರುವುದೇ 250-300 ಗ್ರಾಂ. ಸ್ವೆಟರ್, ಒದ್ದೆ ಬಟ್ಟೆ, ಆಗತಾನೇ ಕುಡಿದ ಹಾಲು ಸೇರಿದರೆ ಅಷ್ಟೇ ವ್ಯತ್ಯಾಸ ಆಗುತ್ತದೆ. ಕ್ಲಿನಿಕ್ಕಿನ ಡಿಜಿಟಲ್ ತಕ್ಕಡಿಗೂ ಅಂಗನವಾಡಿಯ ತೂಗುತಕ್ಕಡಿಗೂ ಹೊಂದಾಣಿಕೆ ಇರದಿರಬಹುದು. ಅದಕ್ಕೇ ಒಂದೇ ತಿಂಗಳ ಎರಡು ತೂಕಗಳನ್ನು ಹೋಲಿಸಿ ಹೆದರುವುದು ಬೇಡ. ಆದರೆ ಇಲ್ಲಿ ಅಂತರ ಮೂರು ತಿಂಗಳು, ಕೊರತೆ ಸುಮಾರು 800 ಗ್ರಾಂ. ಬಟ್ಟೆಯ ಲೆಕ್ಕದಲ್ಲಿ ಇದು ಮುಚ್ಚಿಹೋಗುವುದಿಲ್ಲ. ಅದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು, ಇನ್ನೊಮ್ಮೆ ತೂಗಿ ಖಾತ್ರಿ ಮಾಡಿಕೊಂಡರೆ ಸಾಕು.

ಇದೇ ಕೂಸು ತಾಯಿ ಕಾರ್ಡಿನಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ಅಲ್ಲಿ ಪರ್ಸೆಂಟೈಲ್ ಗೆರೆಗಳಿಲ್ಲ, ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಿವೆ. ಒಂಬತ್ತು ತಿಂಗಳ ಹುಡುಗಿಗೆ ಹಳದಿ ಶುರುವಾಗುವುದು 6.5 ಕೆ.ಜಿ.ಯ ಕೆಳಗೆ. ನಮ್ಮ ಕೂಸು ಹಸಿರಿನಲ್ಲೇ ಇದೆ. ಹಸಿರಿನಲ್ಲಿದೆ ಅಂದ ಕೂಡಲೇ ಮನೆಯವರು ನಿರಾಳರಾಗುತ್ತಾರೆ. ಬಣ್ಣ ಹೇಳುವುದು ಇವತ್ತು ಕೂಸು ಎಲ್ಲಿದೆ ಅಂತ ಮಾತ್ರ. ಹಿಂದಿನ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದಾಗಲೇ ಅದು ಮಲಗಿದ್ದು ಕಾಣುವುದು. ಹಳದಿಗೆ ಬೀಳುವ ಎರಡು ಮೂರು ತಿಂಗಳ ಮೊದಲೇ ಹಿಡಿಯುವ ಅವಕಾಶ ಇರುವುದು ಇಲ್ಲೇ.

ಹಾಗಾದರೆ ಕಾರಣ ಏನು? ಅದನ್ನು ಚಾರ್ಟ್ ಹೇಳುವುದಿಲ್ಲ. ಎದೆಹಾಲು ಸಾಲುತ್ತಿಲ್ಲ ಅಂತಲೂ ಹೇಳುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಫೋಟೊ ನೋಡಿದವರು ಮೊದಲು ದೂರುವುದು ತಾಯಿಯನ್ನು, ಮೊದಲು ತರುವುದು ಡಬ್ಬಿ ಹಾಲಿನ ಪುಡಿಯನ್ನು.

ಉದ್ದದ ಚಾರ್ಟ್ ಇದ್ದರೆ ಅದರ ಫೋಟೊವನ್ನೂ ತರಿಸಿ. ಊಟ ಕಡಿಮೆಯಾದರೆ ಮೊದಲು ತೂಕ ನಿಲ್ಲುತ್ತದೆ, ಬಹಳ ದಿನ ಮುಂದುವರಿದರೆ ಉದ್ದ, ಕೊನೆಗೆ ತಲೆಯ ಸುತ್ತಳತೆ. ನಮ್ಮ ಕೂಸು 70 ಸೆಂ.ಮೀ. ಇದೆ ಅಂತಿಟ್ಟುಕೊಳ್ಳಿ, ಅದು ಒಂಬತ್ತು ತಿಂಗಳ ಹುಡುಗಿಯರ ನಡುಗೆರೆಯೇ. ಅಂದರೆ ತೊಂದರೆ ಇತ್ತೀಚಿನದು. ಈಗ ಮನೆಯವರನ್ನು ಕೇಳಬೇಕು: ಈ ಮೂರು ತಿಂಗಳಲ್ಲಿ ಭೇದಿ, ಜ್ವರ ಬಂದಿತ್ತಾ? ಆರು ತುಂಬಿದ ಮೇಲೆ ಏನು ತಿನ್ನಿಸುತ್ತಿದ್ದೀರಿ, ದಿನಕ್ಕೆ ಎಷ್ಟು ಸಲ?

ಉತ್ತರ ಬಹಳ ಸಲ ಗಂಜಿ, ಬೇಳೆ ಕಟ್ಟಿನ ನೀರು, ಸಾರಿನಲ್ಲಿ ನೆನೆಸಿದ ರೊಟ್ಟಿಯ ತುಣುಕು. ಹೊಟ್ಟೆ ತುಂಬುತ್ತದೆ, ಶಕ್ತಿ ಸೇರುವುದಿಲ್ಲ. ಒಂಬತ್ತು ತಿಂಗಳಿಂದ ಎದೆಹಾಲಿನ ಜೊತೆ ಊಟದಿಂದಲೇ ದಿನಕ್ಕೆ ಸುಮಾರು 300 ಕ್ಯಾಲೊರಿ ಬೇಕು, ಮೂರು ನಾಲ್ಕು ಸಲ ತಿನ್ನಿಸಿ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು. ಜೋಳದ ನುಚ್ಚು, ಹೆಸರುಬೇಳೆ ಮೆತ್ತಗೆ ಬೇಯಿಸಿ ನುಣ್ಣಗೆ ಪುಡಿ ಮಾಡಿದ ಶೇಂಗಾ ಕಲಸಿದರೆ ಮನೆಯಲ್ಲೇ ಆಯಿತು. ಮೇಲೆ ಒಂದು ಸಣ್ಣ ಚಮಚ ಎಣ್ಣೆಯೋ ತುಪ್ಪವೋ ಹಾಕಿದರೆ ಇನ್ನೂ 45 ಕ್ಯಾಲೊರಿ. ಮೊಟ್ಟೆ ತಿನ್ನುವ ಮನೆಯಾದರೆ ಅದೂ ಇರಲಿ. ಎದೆಹಾಲು ನಿಲ್ಲಿಸಬಾರದು.

ಹನ್ನೊಂದು ತಿಂಗಳು ತುಂಬಿದಾಗ ಅದೇ ತಕ್ಕಡಿಯಲ್ಲಿ ಮತ್ತೆ ತೂಗಿ. 8 ಕೆ.ಜಿ. ಬಂದರೆ ಕೂಸು ಎರಡು ತಿಂಗಳಲ್ಲಿ 800 ಗ್ರಾಂ ಏರಿದೆ. ನಡುಗೆರೆ ಅಷ್ಟರಲ್ಲಿ ಏರುವುದು 500 ಗ್ರಾಂ. ಚುಕ್ಕೆ 15ರ ಗೆರೆ ದಾಟಿ ಮೇಲೆ ಬಂದಿರುತ್ತದೆ, ಕಾರಣ ಊಟವೇ ಆಗಿತ್ತು ಅನ್ನಲು ಇದು ಒಳ್ಳೆಯ ಸಾಕ್ಷಿ. ಚೆನ್ನಾಗಿ ತಿಂದೂ 7.3ರಲ್ಲೇ ನಿಂತಿದ್ದರೆ ಮಕ್ಕಳ ಡಾಕ್ಟರು ಬೇರೆ ಕಾರಣ ಹುಡುಕಬೇಕು: ಮೂತ್ರದ ಸೋಂಕು, ರಕ್ತಹೀನತೆ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದೆಯಾ ಎಂಬುದು, ಹೃದಯದ ತೊಂದರೆ. ಆ ಭೇಟಿಗೆ ಎಲ್ಲ ತಾರೀಖು, ತೂಕ, ಉದ್ದ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಕೆಲವು ಸಲ ಎರಡು ತಿಂಗಳು ಕಾಯುವ ಹಾಗಿಲ್ಲ. ಕೂಸು ಹಾಲು ಕುಡಿಯಲೂ ಒಲ್ಲೆ ಅಂದರೆ, ಮಂಕಾಗಿ ಮಲಗಿದರೆ, ಭೇದಿ ನಿಲ್ಲದಿದ್ದರೆ, ತೂಕ ನಿಜವಾಗಿಯೇ ಕಳೆದುಕೊಳ್ಳುತ್ತಿದ್ದರೆ ಚಾರ್ಟ್ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ತೋಳಿನ ಸುತ್ತಳತೆ ಅಳೆಯುವ ಬಣ್ಣದ ಪಟ್ಟಿ ಇದ್ದರೆ ಕೇಳಿ. ಆರು ತಿಂಗಳು ದಾಟಿದ ಕೂಸಿಗೆ ಅದು 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ, ಅಥವಾ ಎರಡೂ ಪಾದದಲ್ಲಿ ಬಾವು ಇದ್ದು ಬೆರಳು ಒತ್ತಿದರೆ ಗುಳಿ ಉಳಿದರೆ, ಅದು ತೀವ್ರ ಅಪೌಷ್ಟಿಕತೆ. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿ-ಕೂಸನ್ನು ಜೊತೆಯಲ್ಲೇ ಇಟ್ಟುಕೊಂಡು ಅದಕ್ಕೆ ಚಿಕಿತ್ಸೆ ಕೊಡುತ್ತಾರೆ.