ಫೋಟೊ ಒಂದೇ, ಪಿಡಿಎಫ್‌ನೊಳಗೆ ಅದರ ಅಳತೆ ಬೇರೆ

ಟ್ರಾನ್ಸ್‌ಫಾರ್ಮರ್ ತಪಾಸಣೆಯ ವರದಿಗಳನ್ನು ಎಐ ಮಾಡೆಲ್‌ನಿಂದ ಓದಿಸಿ ಪಟ್ಟಿ ಮಾಡುವ ಕೆಲಸವೊಂದು ನಮಗೆ ಬಂದಿತ್ತು. ಊರ ಕಡೆ ಟಿಸಿ ಅಂತಾರಲ್ಲ, ಅದೇ. ಪ್ರತಿ ವರದಿಯಲ್ಲೂ ಟಿಸಿಯ ನೇಮ್‌ಪ್ಲೇಟ್ ಫೋಟೊ ಇರುತ್ತಿತ್ತು. ಅದರಲ್ಲಿರುವ ಸೀರಿಯಲ್ ನಂಬರ್ ನಮಗೆ ಬೇಕಿತ್ತು.

ಪರೀಕ್ಷೆಗೆಂದು ಮೊದಲು ಫೋಟೊ ಒಂದನ್ನೇ ಕೊಟ್ಟೆವು. ನಂಬರ್ ಸರಿಯಾಗಿ ಬಂತು. ಅದೇ ಫೋಟೊ ಇರುವ ಪಿಡಿಎಫ್ ಕೊಟ್ಟಾಗ 8 ಇದ್ದಲ್ಲಿ 3 ಬಂತು, ಒಂದು ಅಂಕಿ ಕಾಣೆಯಾಯಿತು. ಕೆಲಸ ಕೊಟ್ಟ ಕಂಪನಿಯವರು ಪಿಡಿಎಫ್ ತೆರೆದು ಶೇ. 400ಕ್ಕೆ ಹಿಗ್ಗಿಸಿ ತೋರಿಸಿದರು: "ಇಷ್ಟು ಸ್ಪಷ್ಟ ಇದೆ, ನೋಡಿ ಸಾರ್!"

ಅವರು ಹೇಳಿದ್ದು ನಿಜ. ಆದರೆ ನಾವು ಝೂಮ್ ಮಾಡಿದಾಗಲೆಲ್ಲ ಪಿಡಿಎಫ್ ತೆರೆಯುವ ಸಾಫ್ಟ್‌ವೇರ್ ಒಳಗಿನ ಮೂಲ ಚಿತ್ರದಿಂದ ಮತ್ತೆ ಬಿಡಿಸಿ ತೋರಿಸುತ್ತದೆ. ಮಾಡೆಲ್‌ಗೆ ಸಾಮಾನ್ಯವಾಗಿ ಆ ಸೌಲಭ್ಯ ಇಲ್ಲ. ಅನೇಕ ಸೇವೆಗಳಲ್ಲಿ ಪಿಡಿಎಫ್‌ನ ಪ್ರತಿ ಪುಟವನ್ನೂ ಒಂದು ಚಿತ್ರವಾಗಿ ಮಾಡಿ, ಜೊತೆಗೆ ಪುಟದ ಅಕ್ಷರಗಳನ್ನು ಬೇರೆಯಾಗಿ ತೆಗೆದು ಕೊಡುತ್ತಾರೆ. ಕೆಲವು ಕಡೆ ಅಕ್ಷರ ಮಾತ್ರ ಹೋಗುತ್ತದೆ, ಫೋಟೊ ಹೋಗುವುದೇ ಇಲ್ಲ. ಆಗಲೂ ಕೆಳಗಿನ ಶೀರ್ಷಿಕೆ ಓದಿಕೊಂಡ ಮಾಡೆಲ್ ಫೋಟೊ ಕಂಡಂತೆಯೇ ಉತ್ತರ ಕೊಡಬಹುದು. ಅದು ಇನ್ನೂ ಅಪಾಯ.

ನಮ್ಮ ಲೆಕ್ಕ ಹೀಗಿತ್ತು. ಫೋನಿನಲ್ಲಿ ತೆಗೆದ ಫೋಟೊ 4000 × 3000 ಪಿಕ್ಸೆಲ್. ನಾವು ಬಳಸುತ್ತಿದ್ದ ಸೇವೆ ಚಿತ್ರದ ಉದ್ದನೆಯ ಬದಿಯನ್ನು 1568 ಪಿಕ್ಸೆಲ್‌ಗೆ ಇಳಿಸುತ್ತಿತ್ತು (ಈ ಮಿತಿ ಎಲ್ಲ ಕಡೆ ಒಂದೇ ಅಲ್ಲ). ಫೋಟೊ ಒಂದೇ ಹೋದರೆ ಆ 1568 ಪೂರ್ತಿ ಅದರದ್ದೇ. ಮೂಲದಲ್ಲಿ 60 ಪಿಕ್ಸೆಲ್ ಎತ್ತರ ಇದ್ದ ಅಂಕಿ ಸುಮಾರು 23 ಪಿಕ್ಸೆಲ್ ಆಗಿ ಉಳಿಯುತ್ತದೆ. ಓದಬಹುದು.

ವರದಿಯಲ್ಲಿ ಮಾತ್ರ ಅದೇ ಫೋಟೊವನ್ನು 8 ಸೆಂ.ಮೀ. ಅಗಲಕ್ಕೆ ಕುಗ್ಗಿಸಿ ಕೂರಿಸಿದ್ದರು. ಈಗ 1568 ಪಿಕ್ಸೆಲ್ ಸಿಗುವುದು ಎ4 ಪುಟದ 29.7 ಸೆಂ.ಮೀ. ಎತ್ತರಕ್ಕೆ. ಫೋಟೊ ಪಾಲಿಗೆ ಬರುವ ಅಗಲ ಸುಮಾರು 420 ಪಿಕ್ಸೆಲ್, ಅಂಕಿಯ ಎತ್ತರ ಬರೀ 6. ಅಷ್ಟರಲ್ಲಿ 8 ಮತ್ತು 3ರ ವ್ಯತ್ಯಾಸ ಒಂದೆರಡು ಚುಕ್ಕೆ. ನಿಮ್ಮ ಕಣ್ಣಿಗೂ ಅದು ಕಾಣದು.

ಹಾಗಾದರೆ ಮೂಲ ಫೋಟೊ ಪಿಡಿಎಫ್‌ನಲ್ಲಿ ಉಳಿದಿದೆಯೇ? ಪಾಪ್ಲರ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಒಂದು ಸಾಲಿನಲ್ಲಿ ಗೊತ್ತಾಗುತ್ತದೆ.

```
pdfimages -list report.pdf
```

ಇಲ್ಲಿ `width` ಕೆಳಗೆ 4000 ಕಂಡರೆ ಒಳ್ಳೆಯದು, ಮೂಲ ಹಾಗೇ ಇದೆ. 600–700 ಕಂಡರೆ, ವರ್ಡ್ ಅಥವಾ ಪಿಡಿಎಫ್ ಮಾಡುವಾಗಲೇ ಫೋಟೊ ಕುಗ್ಗಿದೆ. ಆಗ ವರದಿ ಬರೆದವರ ಫೋನಿನಿಂದ ಫೋಟೊ ಕೇಳಿ ಪಡೆಯುವುದೇ ದಾರಿ. ಪಟ್ಟಿಯಲ್ಲಿ ಏನೂ ಬಾರದೆ ಪುಟದಲ್ಲಿ ಚಿತ್ರ ಕಂಡರೆ, ಅದು ಗೆರೆ ಎಳೆಯುವ ಆದೇಶಗಳಿಂದ ಬಿಡಿಸಿದ ವೆಕ್ಟರ್ ಚಿತ್ರ. ಗ್ರಾಫ್‌ಗಳು ಎಷ್ಟೋ ಸಲ ಹೀಗಿರುತ್ತವೆ.

ಪುಟವನ್ನು 300 ಡಿಪಿಐಯಲ್ಲಿ ಚಿತ್ರ ಮಾಡಿ ಕಳಿಸಿದರಾಯ್ತು ಅಂತ ನಾವೂ ಮೊದಲು ಅಂದುಕೊಂಡಿದ್ದೆವು. ಪ್ರಯೋಜನವಾಗಲಿಲ್ಲ. ಪುಟ 2480 × 3508 ಆಯಿತು, ಸೇವೆ ಅದನ್ನು ಮತ್ತೆ 1568ಕ್ಕೆ ಇಳಿಸಿತು. ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಕಳಿಸಬೇಕು:

```
pdftoppm -r 450 -f 4 -l 4 -x 250 -y 900 -W 1500 -H 1300 -png report.pdf plate
```

ನಾಲ್ಕನೇ ಪುಟದಿಂದ ಫೋಟೊ, ಅದರ ಕೆಳಗಿನ ಶೀರ್ಷಿಕೆ ಎರಡೂ ಮಿತಿಯೊಳಗಿನ ಒಂದೇ ಚಿತ್ರವಾಗಿ ಬಂದವು. ನಂಬರ್ ಸರಿಯಾಯಿತು. `-x`, `-y` ಅಳತೆಗಳನ್ನು ನಿಮ್ಮ ಪುಟ ನೋಡಿ ಬದಲಿಸಿಕೊಳ್ಳಿ.

`pdfimages -all` ಬಳಸಿ ಫೋಟೊವನ್ನೇ ಹೊರತೆಗೆಯಬಹುದಲ್ವಾ? ತೆಗೆಯಬಹುದು, ಪಿಕ್ಸೆಲ್ ಜಾಸ್ತಿ ಸಿಗುತ್ತದೆ. ಆದರೆ ಶೀರ್ಷಿಕೆ, ಮೇಲೆ ಎಳೆದ ಬಾಣ, "ಇಲ್ಲಿ ಆಯಿಲ್ ಸೋರಿಕೆ" ಅನ್ನುವ ಚೀಟಿ ಯಾವುದೂ ಜೊತೆಗೆ ಬರುವುದಿಲ್ಲ. ಅವು ಫೋಟೊದ ಭಾಗವೇ ಅಲ್ಲ, ಪುಟದ ಮೇಲೆ ಬೇರೆಯಾಗಿ ಇಟ್ಟವು. ನಂಬರ್ ಓದಲು ಇದು ಸಾಕು, ಸೋರಿಕೆ ಎಲ್ಲಿ ಅಂತ ಕೇಳಲು ಸಾಲದು.

ಪವರ್‌ಪಾಯಿಂಟ್ ಸ್ಲೈಡ್‌ಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. `.pptx` ಅಂದರೆ ಒಂದು ಜಿಪ್ ಕಡತ ಅಷ್ಟೆ. ಬಿಚ್ಚಿದರೆ ಫೋಟೊಗಳು `ppt/media` ಒಳಗೆ ಸಿಗುತ್ತವೆ. ಬಾಣ, ಬರಹಗಳು ಆಯಾ ಸ್ಲೈಡ್‌ನ ಎಕ್ಸ್‌ಎಂಎಲ್‌ನಲ್ಲಿರುತ್ತವೆ. ಅಲ್ಲೇ ಮಾಡಿದ ಗ್ರಾಫ್ ಆದರೆ `ppt/charts`ನಲ್ಲಿ ಅಂಕಿಗಳೇ ಇರುತ್ತವೆ. ಅವನ್ನು ನೇರ ತೆಗೆದುಕೊಳ್ಳಿ, ಚಿತ್ರ ನೋಡಿ ಕಂಬದ ಎತ್ತರ ಊಹಿಸುವ ಕೆಲಸವನ್ನು ಸುಮ್ನೆ ಮಾಡೆಲ್‌ಗೆ ಯಾಕೆ ಕೊಡಬೇಕು?

ಇನ್ನೊಂದು ಮಾತು. ಸ್ಲೈಡ್‌ನಲ್ಲಿ ಕ್ರಾಪ್ ಮಾಡಿದ ಫೋಟೊದ ಉಳಿದ ಭಾಗ ಸಾಮಾನ್ಯವಾಗಿ ಅಳಿಸಿಹೋಗಿರುವುದಿಲ್ಲ, ಮರೆಯಾಗಿರುತ್ತದೆ ಅಷ್ಟೆ. ಒಮ್ಮೆ ನಾವು `media`ದಿಂದ ಫೋಟೊ ತೆಗೆದು ಕಳಿಸಿದಾಗ, ಸ್ಲೈಡ್‌ನಲ್ಲಿ ಕಾಣದಿದ್ದ ಪಕ್ಕದ ಟಿಸಿಯ ನಂಬರ್ ಕೂಡ ಪಟ್ಟಿಗೆ ಸೇರಿತ್ತು. ಮಾಡೆಲ್ ಓದಿದ್ದು ಸರಿಯಾಗಿಯೇ ಇತ್ತು.