ಭಾನುವಾರ ಮಳೆಯೇ ಇಲ್ಲ, ಸೋಮವಾರ ಜಾಸ್ತಿ

ಹಳೆಯ ಮಳೆ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವಾಗ ಎಲ್ಲರೂ ಮೊದಲು ಹುಡುಕುವುದು ವಿಪರೀತ ದೊಡ್ಡ ಅಂಕಿಯನ್ನು. ನಾನು ಮೊದಲು ನೋಡುವುದು ಭಾನುವಾರಗಳನ್ನು. ದೊಡ್ಡ ಅಂಕಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ರಜೆಯ ದಿನದ ಖಾಲಿ ಮನೆ ಬೀಳುವುದಿಲ್ಲ, ಆದರೆ ಲೆಕ್ಕವನ್ನು ಜಾಸ್ತಿ ಕೆಡಿಸುವುದು ಅದೇ.

ಮಳೆಮಾಪಕವನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ಹಿಂದಿನ 24 ಗಂಟೆಯಲ್ಲಿ ಬಿದ್ದ ನೀರನ್ನು ಅಳೆದ ದಿನದ ತಾರೀಖಿಗೇ ಬರೆಯುತ್ತಾರೆ. ಅಳೆಯುವವರು ಒಂದು ದಿನ ಬರದಿದ್ದರೆ ನೀರು ಡಬ್ಬಿಯಲ್ಲೇ ಉಳಿದು ಮರುದಿನದ ಮಳೆಯ ಜೊತೆ ಸೇರಿಕೊಳ್ಳುತ್ತದೆ.

ಈಗಿನ ಯಾದಗಿರಿ ಜಿಲ್ಲೆಯ ಒಂದು ಕೇಂದ್ರದ ಪುಟ ನೋಡಿ. 1954ರ ಜುಲೈ, ಅಳತೆ ಇಂಚಿನಲ್ಲಿ. 10ನೇ ತಾರೀಖು ಶನಿವಾರ 0.22. 11 ಭಾನುವಾರ ಒಂದು ಅಡ್ಡಗೆರೆ. 12 ಸೋಮವಾರ 1.36. ಮುಂದಿನ ವಾರವೂ ಹಾಗೇ: 18ಕ್ಕೆ ಅಡ್ಡಗೆರೆ, 19ಕ್ಕೆ 0.85. ಟೈಪ್ ಮಾಡುವ ಹುಡುಗರು ಈ ಗೆರೆಯನ್ನು ಸೊನ್ನೆ ಎಂದುಕೊಂಡು 0 ಒತ್ತಿಬಿಡುತ್ತಾರೆ. ಆದರೆ ಅದೇ ಪುಟದಲ್ಲಿ, ಅದೇ ಕೈಬರಹದಲ್ಲಿ, ಮಳೆ ಇಲ್ಲದ ದಿನಗಳಿಗೆ 0.00 ಎಂದು ನೀಟಾಗಿ ಬರೆದಿದೆ. ಸೊನ್ನೆ ಬರೆಯಲು ಆ ಗುಮಾಸ್ತರಿಗೆ ಬೇರೆ ರೀತಿಯೇ ಇತ್ತು ಅಂದಮೇಲೆ ಗೆರೆ ಎಂದರೆ ಮಳೆ ಬರಲಿಲ್ಲ ಎಂದಲ್ಲ, ಆ ದಿನ ಅಳೆದಿಲ್ಲ ಎಂದು. ಒಬ್ಬೊಬ್ಬರ ರೂಢಿ ಒಂದೊಂದು ಥರ. ಹಾಗಾಗಿ ಕೈಬರಹ ಬದಲಾದ ಕಡೆಯೆಲ್ಲಾ ಈ ಪ್ರಶ್ನೆಯನ್ನು ಮತ್ತೆ ಹಾಕಿಕೊಳ್ಳಬೇಕು.

ನಾವು ಅದನ್ನು ಹೀಗೆ ಏರಿಸುತ್ತೇವೆ:

```
date,written,unit,mm,days,flag
1954-07-10,0.22,in,5.6,1,
1954-07-11,-,in,,,M
1954-07-12,1.36,in,34.5,2,A
```

`written` ಕಾಲಮ್ಮಿನಲ್ಲಿ ಪುಟದಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತದೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಒಂದು ಇಂಚಿಗೆ 25.4 ಮಿ.ಮೀ. ಲೆಕ್ಕದಲ್ಲಿ ಬದಲಿಸಿದ್ದು `mm` ಕಾಲಮ್ಮಿಗೆ ಹೋಗುತ್ತದೆ. `M` ಎಂದರೆ ಅಳೆದಿಲ್ಲ, `A` ಎಂದರೆ ಒಂದಕ್ಕಿಂತ ಹೆಚ್ಚು ದಿನದ ನೀರು ಸೇರಿದೆ. ಖಾಲಿ ಮನೆಯನ್ನು ಸುಮ್ನೆ ಖಾಲಿ ಬಿಟ್ಟರೆ ಸಾಲದು. ಎಕ್ಸೆಲ್‌ನ `SUM` ಅದನ್ನು ದಾಟಿಕೊಂಡು ಹೋಗಿ, ಒಂದು ಮಾತೂ ಹೇಳದೆ ತಿಂಗಳ ಮೊತ್ತ ಕೊಡುತ್ತದೆ. ನೋಡಿದವರಿಗೆ ಅದು ಪೂರ್ತಿ ತಿಂಗಳ ಮಳೆ ಎನಿಸುತ್ತದೆ.

34.5 ಮಿ.ಮೀ.ಯನ್ನು ಎರಡು ದಿನಕ್ಕೂ ಅರ್ಧರ್ಧ ಹಂಚಿದರೆ ಆಗಲ್ವಾ ಎಂದು ಕೇಳುತ್ತಾರೆ. ಬೇಡ. ಹಂಚಿದರೂ ತಿಂಗಳ ಮೊತ್ತ ಅಷ್ಟೇ ಇರುತ್ತದೆ, ಆದರೆ ಮಳೆ ದಿನಗಳ ಸಂಖ್ಯೆ ಸುಮ್ಮನೆ ಹೆಚ್ಚಬಹುದು. 2.5 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಒಂದು ಮಳೆ ದಿನ ಎಂದು ಲೆಕ್ಕ. ಅಷ್ಟೂ ನೀರು ಭಾನುವಾರ ಬೆಳಗಿನ ಜಾವ ಒಂದೇ ಹೊಡೆತಕ್ಕೆ ಬಿದ್ದಿದ್ದರೆ ನಾವು ಇಲ್ಲದ ಇನ್ನೊಂದು ಮಳೆ ದಿನ ಹುಟ್ಟಿಸಿದ ಹಾಗೆ. ಜೋರು ಮಳೆಯೂ ಕಾಗದದ ಮೇಲೆ ಸಾಧಾರಣ ಮಳೆಯಾಗಿಬಿಡುತ್ತದೆ. ತಿಂಗಳ ಅಂಚಿನಲ್ಲಂತೂ ಮೊತ್ತವೇ ಕೈಕೊಡುತ್ತದೆ. 1954ರ ಅಕ್ಟೋಬರ್ 31 ಭಾನುವಾರ. ಆ ಬೆಳಿಗ್ಗೆ ಅಳೆಯದೆ ಬಿಟ್ಟ ನೀರು ನವೆಂಬರ್ ಖಾತೆಗೆ ಹೋಗುತ್ತದೆ.

ಇಲ್ಲಿ ಇನ್ನೊಂದು ಅನುಮಾನ ಉಳಿಯುತ್ತದೆ. ಅದೇ ಜುಲೈಯಲ್ಲಿ 25 ಭಾನುವಾರ ಗೆರೆ, 26 ಸೋಮವಾರ 0.00. ಡಬ್ಬಿ ನಿಜಕ್ಕೂ ಒಣಗಿತ್ತಾ, ಇಲ್ಲಾ ನಿನ್ನೆಯ ನೀರು ಎಂದು ಚೆಲ್ಲಿಬಿಟ್ಟರಾ? ಒಂದು ಪುಟ ನೋಡಿ ಇದನ್ನು ಹೇಳಲು ಬರುವುದಿಲ್ಲ. ಇಡೀ ರಿಜಿಸ್ಟರನ್ನೇ ಕೇಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ, ಅಂದರೆ ಸುಮಾರು 17 ಭಾನುವಾರ. ಒಂದು ವರ್ಷದ ಲೆಕ್ಕ ಏನನ್ನೂ ಹೇಳುವುದಿಲ್ಲ. 20 ವರ್ಷ ಸೇರಿಸಿದರೆ 350ರ ಹತ್ತಿರ ಭಾನುವಾರಗಳು ಸಿಗುತ್ತವೆ. ತಾರೀಖಿನ ಪಕ್ಕ `=TEXT(A2,"ddd")` ಹಾಕಿ, ವಾರದ ಒಂದೊಂದು ದಿನಕ್ಕೂ ಒಟ್ಟು ಮಳೆ ಎಷ್ಟು ಎಂದು ಕೂಡಿಸಿ. ಮೋಡಕ್ಕೆ ರಜೆ ಗೊತ್ತಿಲ್ಲ, ಏಳೂ ದಿನ ಹೆಚ್ಚುಕಡಿಮೆ ಒಂದೇ ಬರಬೇಕು. ಭಾನುವಾರ ಕಡಿಮೆಯಾಗಿ ಸೋಮವಾರ ಅಷ್ಟೇ ಹೆಚ್ಚಿದ್ದು, ಎರಡೂ ಸೇರಿ ಎರಡು ಮಾಮೂಲಿ ದಿನದಷ್ಟು ಆದರೆ ನೀರು ಕಳೆದಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೆ. ಆಗ 25ರ ಗೆರೆಗೂ 26ರ ಸೊನ್ನೆಗೂ ಸೇರಿಸಿ ಎರಡು ದಿನ ಮಳೆ ಇರಲಿಲ್ಲ ಎಂದು ನಂಬಬಹುದು. ಭಾನುವಾರ ಕಡಿಮೆ, ಸೋಮವಾರ ಮಾತ್ರ ಮಾಮೂಲಿ ಎಂದಾದರೆ ವಾರಕ್ಕೊಂದು ದಿನದ ಮಳೆ ಕೈಬಿಟ್ಟೇ ಹೋಗಿದೆ. ಅಂಥ ಕೇಂದ್ರದ ತಿಂಗಳ ಮೊತ್ತವನ್ನು ನಾನು ಹಾಗೇ ಬಳಸುವುದಿಲ್ಲ.

ನಮ್ಮ ಭಾಗದಲ್ಲಿ ಇನ್ನೂ ಒಂದು ಗಮನಿಸಬೇಕು. ನಿಜಾಮರ ಕಾಲದಲ್ಲಿ ಕಚೇರಿಗಳಿಗೆ ರಜೆ ಐತವಾರ ಅಲ್ಲ, ಶುಕ್ರವಾರ. ಕಲಬುರಗಿ, ಬೀದರ್ ಕಡೆಯ 1948ಕ್ಕೂ ಹಿಂದಿನ ಪುಟಗಳಲ್ಲಿ ಶುಕ್ರವಾರದ ತಗ್ಗನ್ನೂ ಶನಿವಾರದ ಉಬ್ಬನ್ನೂ ಹುಡುಕಿ. ಉರ್ದು ಪುಟಗಳಾದರೆ ಅಂಕಿಗಳ ಮೇಲೂ ನಿಗಾ ಬೇಕು. ಉರ್ದುವಿನ ಸೊನ್ನೆ ಬರೀ ಚುಕ್ಕಿ, ಐದು ದುಂಡಗಿರುತ್ತದೆ. ಕನ್ನಡದ ಕಣ್ಣು ಆ ಐದನ್ನು ಸೊನ್ನೆ ಎಂದೇ ಓದುತ್ತದೆ. ತಾರೀಖು ನಿಜಾಮರ ಕಾಲದ ಫಸಲಿ ಪಂಚಾಂಗದಲ್ಲಿದ್ದರೆ ಮೊದಲು ಅದನ್ನು ಸರಿಯಾಗಿ ಇಂಗ್ಲಿಷ್ ತಾರೀಖಿಗೆ ತರಬೇಕು. ಇದಕ್ಕೂ ವಾರದ ಲೆಕ್ಕವೇ ನೆರವಿಗೆ ಬರುತ್ತದೆ: ಶುಕ್ರವಾರ ಬೀಳಬೇಕಾದ ತಗ್ಗು ಗುರುವಾರ ಬಿದ್ದಿದ್ದರೆ ತಾರೀಖು ಒಂದು ದಿನ ಜರುಗಿದೆ ಎಂದು ಅನುಮಾನಪಡಬೇಕು.

ಉಷ್ಣಾಂಶದ ಪುಟಗಳಲ್ಲೂ ರಜೆ ತನ್ನ ಗುರುತು ಬಿಡುತ್ತದೆ, ಬೇರೆ ರೀತಿಯಲ್ಲಿ. ಗರಿಷ್ಠ ಉಷ್ಣಾಂಶದ ಥರ್ಮಾಮೀಟರಿನಲ್ಲಿ ಪಾದರಸ ಏರಿದರೆ ತಾನಾಗಿ ಇಳಿಯುವುದಿಲ್ಲ, ಕೈಯಿಂದ ಕೊಡವಿ ಇಳಿಸಬೇಕು. ಕೊಡವದಿದ್ದರೆ ಮೇ ತಿಂಗಳ 108 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 42.2 ಸೆಲ್ಸಿಯಸ್, ಸಂಜೆ ಮಳೆ ಬಂದು ತಂಪಾದ ಮರುದಿನವೂ 108 ಎಂದೇ ಇರುತ್ತದೆ. ಒಂದೇ ಗರಿಷ್ಠ ಅಂಕಿ ಎರಡು ಮೂರು ದಿನ ಸಾಲಾಗಿ ಬಂದರೆ ಪಕ್ಕದ ಮಳೆ ಕಾಲಮ್ ನೋಡಿ. ಬೆಳಿಗ್ಗೆ ಓದಿದ ಗರಿಷ್ಠ ಹಿಂದಿನ ಮಧ್ಯಾಹ್ನದ್ದು ಎಂಬುದೂ ನೆನಪಿರಲಿ.

ದೊಡ್ಡ ಅಂಕಿಯ ವಿಷಯಕ್ಕೆ ಬಂದರೆ, ಮೊದಲ ಸಾಕ್ಷಿ ಪುಟದ ಕೆಳಗಿನ ಮೊತ್ತ. ದಿನದ ಮನೆಯಲ್ಲಿ 254 ಎಂದಿದೆ, ಮೊತ್ತ ತಾಳೆಯಾಗುವುದು 2.54 ಇಟ್ಟರೆ ಮಾತ್ರ ಎಂದಾದರೆ ಅದು ಚುಕ್ಕಿ ಬಿಟ್ಟ ಇಂಚು, 64.5 ಮಿ.ಮೀ. ಮೊತ್ತ ತೀರ್ಪು ಕೊಡದಿದ್ದರೆ ಅಕ್ಕಪಕ್ಕದ ಕೇಂದ್ರಗಳನ್ನು ಕೇಳಬೇಕು, ಆದರೆ ಕಾಲ ನೋಡಿಕೊಂಡು. ಮೇ ತಿಂಗಳ ಗುಡುಗು ಮಳೆ ಒಂದು ಊರನ್ನು ತೋಯಿಸಿ ಪಕ್ಕದ ಊರನ್ನು ಒಣಗಿಸಿಯೇ ಬಿಡಬಹುದು. ಪಕ್ಕದಲ್ಲಿ ಸೊನ್ನೆ ಇದೆ ಎಂದು ಆ ಅಂಕಿಯನ್ನು ತಳ್ಳಿಹಾಕಬಾರದು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಇತ್ತ ಬಂದರೆ ಹಾಗಲ್ಲ. 2020ರ ಅಕ್ಟೋಬರ್ ನಡುವೆ ಭೀಮಾ ತೀರದಲ್ಲಿ ಪ್ರವಾಹ ತಂದದ್ದು ಅಂಥದ್ದೇ ಮಳೆ, ಹತ್ತಾರು ಕೇಂದ್ರಗಳಲ್ಲಿ ಒಟ್ಟಿಗೆ ದಾಖಲಾಗುವಂಥದ್ದು. ಹಳೆಯ ಅಕ್ಟೋಬರ್ ಪುಟದಲ್ಲಿ 150 ಮಿ.ಮೀ. ಕಂಡು ಸುತ್ತಲಿನ ಕೇಂದ್ರಗಳೆಲ್ಲಾ ಒಣಗಿದ್ದರೆ ಮಾತ್ರ ನಾನು ಅನುಮಾನದ ಗುರುತು ಹಾಕುತ್ತೇನೆ. ಆಗಲೂ ಅಂಕಿಯನ್ನು ಅಳಿಸುವುದಿಲ್ಲ. ಪುಟದ ಫೋಟೊ ನಂಬರನ್ನು ಸಾಲಿನ ಪಕ್ಕ ಬರೆದಿಡುತ್ತೇನೆ, ಮುಂದೆ ಯಾರಾದರೂ ಬೇರೆ ಸಾಕ್ಷಿ ಹಿಡಿದು ಬಂದರೆ ಮೂಲವನ್ನೇ ತೆರೆದು ನೋಡಲಿ ಎಂದು.