ಯಾವ ನೋಟ್‌ಬುಕ್ ಹಳೆಯದು? ಪ್ರಾಂಶುಪಾಲರಿಗೆ ಬರೆಯುವ ಮನವಿಯಲ್ಲಿ ಬಿಟ್ಟುಹೋಗುವ ಮಾತು

ಶಾಲೆಗಳಿಂದ ರದ್ದಿ ಕಾಗದ ಸಂಗ್ರಹಿಸಿ, ವಿಂಗಡಿಸಿ, ಕಾಗದದ ಗಿರಣಿಗೆ ಕಳುಹಿಸುವುದು ನನ್ನ ವೃತ್ತಿ. ಹೀಗಾಗಿ ಪೋಷಕರು ಪ್ರಾಂಶುಪಾಲರಿಗೆ ಬರೆಯುವ ಮನವಿ ಪತ್ರಗಳು ಕೆಲವೊಮ್ಮೆ ಕರಡಿನ ರೂಪದಲ್ಲಿ, ಕೆಲವೊಮ್ಮೆ ನಿರಾಕರಣೆಯ ಉತ್ತರ ಬಂದ ಮೇಲೆ ನನ್ನ ಕೈ ಸೇರುತ್ತವೆ. ತಿಂಗಳಿಗೊಂದು ದಿನ ಮಕ್ಕಳಿಂದ ಹಳೆಯ ನೋಟ್‌ಬುಕ್ ತರಿಸಿ ಮರುಬಳಕೆಗೆ ಕೊಡೋಣ ಎಂಬುದು ಎಲ್ಲ ಪತ್ರಗಳ ಸಾರ. ಉದ್ದೇಶ ಒಳ್ಳೆಯದೇ, ಬರೆದವರ ಕಾಳಜಿಯೂ ನಿಜವಾದದ್ದೇ. ಆದರೆ ಮರಗಳ ಬಗ್ಗೆ ಮೂರು ಪ್ಯಾರಾ ಬರೆಯುವವರು ‘ಹಳೆಯ ನೋಟ್‌ಬುಕ್’ ಎಂದರೆ ಯಾವುದು ಎಂಬುದಕ್ಕೆ ಒಂದು ವಾಕ್ಯವನ್ನೂ ಮೀಸಲಿಡುವುದಿಲ್ಲ. ಅನುಮತಿ ಕೊಡಬೇಕಾದವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆಯೇ ಅದು.

ಮನೆಯಲ್ಲಿ ಕುಳಿತು ನೋಡಿದರೆ ಕೊನೆಯ ಪುಟ ತುಂಬಿದ ನೋಟ್‌ಬುಕ್ ಮುಗಿದಂತೆ ಕಾಣುತ್ತದೆ, ಶಾಲೆಯ ಲೆಕ್ಕದಲ್ಲಿ ಅದು ಮುಗಿದಿರುವುದಿಲ್ಲ. ಮಗು ಪರೀಕ್ಷೆಗೆ ಓದುವುದು ಅದರಿಂದಲೇ. ವಿಷಯದ ಶಿಕ್ಷಕರು ತಿದ್ದಿದ ತಪ್ಪುಗಳನ್ನು ಮಗು ಸರಿಪಡಿಸಿದೆಯೇ ಎಂದು ನೋಡಲು ಅದನ್ನೇ ಮತ್ತೆ ತರಿಸುತ್ತಾರೆ. ನೋಟ್‌ಬುಕ್ಕಿಗೆ ಆಂತರಿಕ ಅಂಕ ಕೊಡುವ ಶಾಲೆಗಳಲ್ಲಿ, ಅಂಕಗಳ ಬಗ್ಗೆ ತಕರಾರು ಬಂದರೆ ತೋರಿಸಲು ಇರುವ ದಾಖಲೆಯೂ ಅದೇ. ನಿಯಮಗಳು ಶಾಲೆಯಿಂದ ಶಾಲೆಗೆ ಬೇರೆಯಾಗುವುದರಿಂದ ಇಂತಿಷ್ಟು ದಿನ ಇಟ್ಟುಕೊಳ್ಳಬೇಕೆಂದು ನಾನು ಹೇಳಲಾರೆ. ಆದರೆ ಪುಟ ತುಂಬುವುದಕ್ಕೂ ನೋಟ್‌ಬುಕ್ಕಿನ ಕೆಲಸ ಮುಗಿಯುವುದಕ್ಕೂ ನಡುವೆ ವಾರಗಳ, ಅನೇಕ ಸಲ ತಿಂಗಳುಗಳ ಅಂತರವಿರುತ್ತದೆ ಎಂಬುದು ಎಲ್ಲ ಶಾಲೆಗಳಿಗೂ ಅನ್ವಯಿಸುವ ಮಾತು. ಗಣಿತದಂಥ ವಿಷಯದಲ್ಲಿ ಆ ಅಂತರ ಇನ್ನೂ ಹಿಗ್ಗುತ್ತದೆ, ಏಕೆಂದರೆ ಹಿಂದಿನ ತರಗತಿಯ ಬೀಜಗಣಿತದ ಮೇಲೆಯೇ ಮುಂದಿನ ತರಗತಿಯ ಪಾಠ ನಿಲ್ಲುತ್ತದೆ.

ಈ ಅಂತರವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಒಂದು ಶಾಲೆಯಲ್ಲಿ ಪೋಷಕರ ಮನವಿಯಂತೆ ಸಂಗ್ರಹ ಆರಂಭವಾಯಿತು. ಮನೆಗೆ ಹೋದ ಸುತ್ತೋಲೆಯಲ್ಲಿ ‘ಪೂರ್ತಿ ತುಂಬಿದ ನೋಟ್‌ಬುಕ್ಕುಗಳನ್ನು ತರತಕ್ಕದ್ದು’ ಎಂದಷ್ಟೇ ಇತ್ತು. ಒಬ್ಬ ಹುಡುಗ ವಿಜ್ಞಾನದ ತುಂಬಿದ ನೋಟ್‌ಬುಕ್ ತಂದು ಕೊಟ್ಟ. ಮುಂದಿನ ವಾರ ಅದೇ ಪಾಠಗಳ ಪರೀಕ್ಷೆ ಇತ್ತು. ಅವನ ತಂದೆ ಶಾಲೆಗೆ ಬರುವಷ್ಟರಲ್ಲಿ ಆ ನೋಟ್‌ಬುಕ್ ನಮ್ಮ ಗೋದಾಮಿನಲ್ಲಿ ಒತ್ತುಯಂತ್ರದ ಕೆಳಗೆ ಬೇರೆ ಕಾಗದದೊಂದಿಗೆ ಗಟ್ಟಿ ಮೂಟೆಯಾಗಿತ್ತು. ಅಂಥ ಮೂಟೆಯನ್ನು ತಂತಿ ಕತ್ತರಿಸಿ ಬಿಡಿಸಿದರೂ, ಅದರೊಳಗೆ ಯಾವ ಶಾಲೆಯ ಕಾಗದ ಎಲ್ಲಿದೆ ಎಂದು ತಿಳಿಯುವ ದಾರಿಯಿಲ್ಲ. ಪ್ರಾಂಶುಪಾಲರು ಕಾರ್ಯಕ್ರಮವನ್ನು ಅಲ್ಲಿಗೇ ನಿಲ್ಲಿಸಿದರು. ಹುಡುಗನದು ತಪ್ಪಲ್ಲ, ಸುತ್ತೋಲೆ ಕೇಳಿದ್ದನ್ನೇ ಅವನು ತಂದಿದ್ದ. ನಿಲ್ಲಿಸಿದ ಪ್ರಾಂಶುಪಾಲರನ್ನೂ ನಾನು ದೂರುವುದಿಲ್ಲ, ಏಕೆಂದರೆ ಒಂದು ಮಗುವಿನ ವರ್ಷದ ಓದಿಗೆ ಅವರು ಉತ್ತರದಾಯಿ, ಒಂದು ಕ್ವಿಂಟಲ್ ರದ್ದಿಗೆ ಅಲ್ಲ.

ಇತ್ತೀಚೆಗೆ ಒಬ್ಬ ತಾಯಿ ತಮ್ಮ ಕರಡನ್ನು ತಂದು ತೋರಿಸಿದಾಗ ನಾವಿಬ್ಬರೂ ಕುಳಿತು ಮೊದಲು ತಿದ್ದಿದ್ದು ಇದನ್ನೇ. ಎರಡು ಪುಟಗಳ ಪತ್ರದಲ್ಲಿ ಪರಿಸರದ ಮಾತನ್ನು ಒಂದು ವಾಕ್ಯಕ್ಕೆ ಇಳಿಸಿ, ‘ಮಾನ್ಯರೇ’ ಎಂಬ ಸಂಬೋಧನೆಯ ನಂತರದ ಮೊದಲ ಪ್ಯಾರಾವನ್ನು ಹೀಗೆ ಬರೆದೆವು: ‘ಈ ಯೋಜನೆಯಲ್ಲಿ ಹಳೆಯ ನೋಟ್‌ಬುಕ್ ಎಂದರೆ, ಯಾವ ಪಾಠಗಳ ಪರೀಕ್ಷೆ ಮುಗಿದು ಫಲಿತಾಂಶ ಪ್ರಕಟವಾಗಿದೆಯೋ ಆ ಪಾಠಗಳ ನೋಟ್‌ಬುಕ್ ಅಥವಾ ಮಗು ಉತ್ತೀರ್ಣವಾದ ಹಿಂದಿನ ತರಗತಿಯ ನೋಟ್‌ಬುಕ್ ಮಾತ್ರ. ಅದರ ಮೊದಲ ಪುಟದಲ್ಲಿ ಶಾಲೆ ಸೂಚಿಸುವ ಶಿಕ್ಷಕರ ಸಹಿ ಮತ್ತು ಪೋಷಕರ ಸಹಿ ಎರಡೂ ಇದ್ದರಷ್ಟೇ ಸ್ವೀಕರಿಸಲಾಗುವುದು. ಸಹಿಯಿಲ್ಲದ ನೋಟ್‌ಬುಕ್ಕನ್ನು ಅಂದೇ ಮಗುವಿನ ಕೈಗೆ ಹಿಂತಿರುಗಿಸಲಾಗುವುದು.’ ಕೊನೆಯ ವಾಕ್ಯ ಅನಗತ್ಯವೆಂದು ಆ ತಾಯಿಗೆ ಅನ್ನಿಸಿತ್ತು. ಆದರೆ ಹಿಂತಿರುಗಿಸುವ ಮಾತು ಬರೆದಿಡದಿದ್ದರೆ, ಸಂಗ್ರಹದ ದಿನ ಸಹಿಯಿಲ್ಲದವನ್ನು ‘ಆಮೇಲೆ ನೋಡೋಣ’ ಎಂದು ಪಕ್ಕಕ್ಕಿಡುತ್ತಾರೆ, ಸಂಜೆ ಗಾಡಿ ಬಂದಾಗ ಅವೂ ಗಾಡಿ ಹತ್ತುತ್ತವೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಹಳೆಯದು ಯಾವುದೆಂದು ಹೀಗೆ ಖಚಿತಪಡಿಸಿದ ಕೂಡಲೇ ‘ಪ್ರತಿ ತಿಂಗಳು’ ಎಂಬ ಮಾತಿನ ಅರ್ಥವೂ ಬದಲಾಗುತ್ತದೆ, ಏಕೆಂದರೆ ಪರೀಕ್ಷೆಗಳು ತಿಂಗಳಿಗೊಮ್ಮೆ ಮುಗಿಯುವುದಿಲ್ಲ. ಆ ತಾಯಿಯ ಶಾಲೆಯಲ್ಲಿ ಸುಮಾರು 400 ಮಕ್ಕಳಿದ್ದಾರೆ. 17 ಸೆಂಟಿಮೀಟರ್ ಅಗಲ, 24 ಸೆಂಟಿಮೀಟರ್ ಎತ್ತರದ, 200 ಪುಟಗಳ ನೋಟ್‌ಬುಕ್ಕಿನಲ್ಲಿ 100 ಹಾಳೆಗಳಿರುತ್ತವೆ. ಚದರ ಮೀಟರಿಗೆ 58 ಗ್ರಾಂ ತೂಗುವ ಕಾಗದವೆಂದು ಹಿಡಿದರೆ, ರಟ್ಟು ಬಿಟ್ಟು ಒಂದರ ತೂಕ ಸುಮಾರು 240 ಗ್ರಾಂ. ಪ್ರತಿ ಮಗುವೂ ಒಂದೊಂದು ತಂದರೆ 96 ಕಿಲೋ ಆಗುತ್ತದೆ. ನೂರು ನೂರರಂತೆ ಪೇರಿಸಿದರೆ ಸೊಂಟದೆತ್ತರದ ನಾಲ್ಕು ಸಾಲು, ಅಂದರೆ ಒಂದು ಕಪಾಟಿನಲ್ಲಿ ಹಿಡಿಸುವಷ್ಟು. ಆದರೆ ವಾಸ್ತವದಲ್ಲಿ ಪರೀಕ್ಷೆಗಳಿಲ್ಲದ ತಿಂಗಳಲ್ಲಿ ಹತ್ತಿಪ್ಪತ್ತು ನೋಟ್‌ಬುಕ್ ಬಂದರೆ ಹೆಚ್ಚು. ವಾರ್ಷಿಕ ಫಲಿತಾಂಶದ ನಂತರ ಮಗುವಿಗೆ ಆರರಂತೆ ಬಂದರೆ ಅದೇ ಲೆಕ್ಕ 576 ಕಿಲೋ ಮುಟ್ಟುತ್ತದೆ. ಪ್ರತಿ ತಿಂಗಳೂ ಒಂದೇ ಪ್ರಮಾಣ ಬರುತ್ತದೆಂದು ಬರೆದ ಪತ್ರವನ್ನು ನಂಬಿ ಒಂದು ಕಪಾಟು ಕೊಟ್ಟ ಶಾಲೆಗೆ, ಆ ಒಂದು ತಿಂಗಳಲ್ಲಿ ಕಾರಿಡಾರಿನ ತುಂಬ ಕಟ್ಟುಗಳನ್ನು ಇಟ್ಟುಕೊಳ್ಳುವ ಸ್ಥಿತಿ ಬರುತ್ತದೆ. ಹಾಗಾಗಿ ತಿಂಗಳಿಗೊಂದು ದಿನ ಗೊತ್ತುಮಾಡುವುದು ರೂಢಿಗಾಗಿ ಒಳ್ಳೆಯದೇ ಆದರೂ, ವರ್ಷದಲ್ಲಿ ಎರಡು ಮೂರು ಬಾರಿ ದೊಡ್ಡ ರಾಶಿ ಬರುತ್ತದೆ, ಆ ದಿನಗಳಲ್ಲಿ ಮಾತ್ರ ಗಾಡಿ ಅದೇ ಸಂಜೆ ಬರುವುದು ಕಡ್ಡಾಯ ಎಂದು ಪತ್ರದಲ್ಲೇ ಹೇಳಿಬಿಡಬೇಕು. ಸಣ್ಣ ತಿಂಗಳುಗಳ ನೋಟ್‌ಬುಕ್ಕುಗಳು ಕಪಾಟಿನಲ್ಲಿ ಕಾಯಬಹುದು.

ಕಾಯುವ ಕಾಗದಕ್ಕೆ ತೇವವೇ ದೊಡ್ಡ ಶತ್ರು. ನೆಲದ ಮೇಲೆ ನೇರವಾಗಿ ಇಟ್ಟರೆ ಕೆಳಗಿನ ಸಾಲು ಥಂಡಿ ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಬೂಸ್ಟು ಬರುತ್ತದೆ. ಕಟ್ಟಿನ ನಡುವಿನ ನೋಟ್‌ಬುಕ್ ತೆರೆದು ಮೂಸಿದರೆ ಮುಗ್ಗಲು ವಾಸನೆ ಬಂದರೆ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಆ ಕಟ್ಟನ್ನು ಗಿರಣಿ ಒಪ್ಪುವುದು ಕಷ್ಟ. ಹಲಗೆಯ ಮೇಲೆ, ಗೋಡೆಯಿಂದ ಸ್ವಲ್ಪ ದೂರದಲ್ಲಿ, ಹುರಿಯಿಂದ ಕಟ್ಟಿಟ್ಟರೆ ಸಾಕು. ಮೆಟ್ಟಿಲಿನ ಕೆಳಗೆ, ಹೊರಹೋಗುವ ದಾರಿಯಲ್ಲಿ ಅಥವಾ ವಿದ್ಯುತ್ ಬೋರ್ಡಿನ ಬಳಿ ಇಡುವುದಿಲ್ಲವೆಂದು ಪತ್ರದಲ್ಲಿ ಬರೆದರೆ ಪ್ರಾಂಶುಪಾಲರಿಗೆ ನಿರಾಳ, ಬೆಂಕಿಯ ಭಯ ಅವರಿಗೆ ಇದ್ದೇ ಇರುತ್ತದೆ.

ಇನ್ನು ನೋಟ್‌ಬುಕ್ಕನ್ನು ಹೇಗೆ ಸಿದ್ಧಮಾಡಿ ಕೊಡಬೇಕು ಎಂಬ ವಿಚಾರ. ಪೋಷಕರು ಇಲ್ಲಿ ಬೇಡದ ಕಡೆ ಶ್ರಮಪಡುತ್ತಾರೆ. ಮಧ್ಯದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಮಕ್ಕಳ ಬೆರಳಿಗೆ ಚುಚ್ಚಿಸಿಕೊಳ್ಳುವ ಅಗತ್ಯವಿಲ್ಲ. ಗಿರಣಿಯಲ್ಲಿ ಕಾಗದವನ್ನು ನೀರಿನೊಂದಿಗೆ ಕಲಕಿ ತಿರುಳು ಮಾಡಿದಾಗ ಭಾರವಾದ ಪಿನ್ನು ಬೇರ್ಪಡುತ್ತದೆ, ಅದನ್ನು ತೆಗೆಯುವ ವ್ಯವಸ್ಥೆ ಅಲ್ಲಿದೆ. ತೊಂದರೆ ಕೊಡುವುದು ಪ್ಲಾಸ್ಟಿಕ್ ಮತ್ತು ಅಂಟು. ಹೆಸರಿನ ಚೀಟಿ, ಬಣ್ಣದ ಸ್ಟಿಕ್ಕರ್, ಸೆಲ್ಲೋಟೇಪುಗಳ ಅಂಟು ಬಿಸಿಗೆ ಮೆತ್ತಗಾಗಿ ಸಣ್ಣ ಕಣಗಳಾಗಿ ಜಾಲರಿಯಿಂದ ನುಸುಳಿಹೋಗುತ್ತದೆ, ಮುಂದೆ ಹಾಳೆ ಒಣಗುವ ಉರುಳೆಗಳಿಗೆ ಮೆತ್ತಿಕೊಂಡು ಹೊಸ ಕಾಗದದಲ್ಲಿ ತೂತು ಮಾಡುತ್ತದೆ. ರಟ್ಟಿನ ಮೇಲೆ ಪ್ಲಾಸ್ಟಿಕ್ ಪೊರೆ ಇದೆಯೇ ಎಂದು ಕಣ್ಣಿನಿಂದ ಹೇಳುವುದು ಕಷ್ಟ, ಮೂಲೆಯನ್ನು ನಿಧಾನವಾಗಿ ಹರಿದು ನೋಡಬೇಕು. ಬರೀ ಕಾಗದವಾದರೆ ಅಂಚು ನಾರುನಾರಾಗಿ ಬಿಡುತ್ತದೆ. ಪೊರೆ ಇದ್ದರೆ ರಟ್ಟು ಹರಿದ ಮೇಲೂ ತೆಳುವಾದ ಪಾರದರ್ಶಕ ಪದರವೊಂದು ಎಳೆದಂತೆ ಹಿಗ್ಗಿ ಆಮೇಲೆ ತುಂಡಾಗುತ್ತದೆ. ಪತ್ರದಲ್ಲಿ ಇಷ್ಟೆಲ್ಲ ವಿವರ ಬೇಡ. ‘ಹೊರ ರಟ್ಟು, ಸುರುಳಿ ತಂತಿ ಮತ್ತು ಸ್ಟಿಕ್ಕರ್ ಇರುವ ಹಾಳೆಗಳನ್ನು ಮನೆಯಲ್ಲಿಯೇ ತೆಗೆದು, ಬರೆದ ಹಾಳೆಗಳನ್ನು ಮಾತ್ರ ಕಳುಹಿಸುವುದು’ ಎಂಬ ಒಂದು ವಾಕ್ಯ ಸಾಕು. ಮಗುವಿನ ಹೆಸರು, ತರಗತಿ, ಫೋನ್ ಸಂಖ್ಯೆ ಸಾಮಾನ್ಯವಾಗಿ ಆ ರಟ್ಟಿನ ಚೀಟಿಯ ಮೇಲೆಯೇ ಇರುವುದರಿಂದ, ಅವು ಮನೆಯಿಂದ ಹೊರಗೆ ಹೋಗುವುದೂ ಇದರಿಂದ ತಪ್ಪುತ್ತದೆ. ಖಾಲಿ ಉಳಿದ ಹಾಳೆಗಳನ್ನೂ ಮನೆಯಲ್ಲೇ ಬಿಡಿಸಿಟ್ಟುಕೊಂಡು ಲೆಕ್ಕ ಮಾಡಲು ಬಳಸಬೇಕು. ಬಳಸದ ಹಾಳೆಯನ್ನು ತಿರುಳು ಮಾಡಿಸುವುದರಲ್ಲಿ ಯಾವ ಲಾಭವೂ ಇಲ್ಲ.

ಹಣದ ವಿಚಾರವನ್ನು ಮುಜುಗರದಿಂದ ಬಿಟ್ಟುಬಿಡುವವರೇ ಹೆಚ್ಚು. ರದ್ದಿಗೆ ಬೆಲೆ ಸಿಗುತ್ತದೆ ಎಂದ ಮೇಲೆ ಅದು ಯಾರ ಖಾತೆಗೆ ಹೋಗುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಶಾಲೆಯವರೊಬ್ಬರು ಮತ್ತು ಪೋಷಕರೊಬ್ಬರು ಎದುರಿಗಿದ್ದು ತೂಕ ಮಾಡಿಸಿ, ತೂಕದ ಚೀಟಿಯ ಒಂದು ಪ್ರತಿಯನ್ನು ಶಾಲೆಯ ಕಡತದಲ್ಲಿಟ್ಟು, ಹಣವನ್ನು ಶಾಲೆ ಹೇಳಿದ ಖಾತೆಗೇ ಕಟ್ಟುವುದಾಗಿ ಬರೆದರೆ ಮುಂದಿನ ಗುಸುಗುಸು ಇರುವುದಿಲ್ಲ.

ಆ ತಾಯಿಯ ಪತ್ರ ಕೊನೆಗೆ ಒಂದೇ ಪುಟಕ್ಕೆ ಇಳಿಯಿತು. ಕೊನೆಯಲ್ಲಿ ಅವರು ಕೇಳಿದ್ದು ಒಂದನ್ನೇ, ಅರ್ಧವಾರ್ಷಿಕ ಫಲಿತಾಂಶ ಬಂದ ಮೇಲೆ ಎರಡು ತರಗತಿಗಳಲ್ಲಿ ಮಾತ್ರ ಒಂದು ಬಾರಿ ಪ್ರಾಯೋಗಿಕವಾಗಿ ನಡೆಸಲು ಅನುಮತಿ. ಪ್ರಾಂಶುಪಾಲರು ಒಪ್ಪಿದರು, ಆದರೆ ‘ಶಾಲೆ ಸೂಚಿಸುವ ಶಿಕ್ಷಕರು’ ಎಂಬಲ್ಲಿ ಗೆರೆ ಎಳೆದು, ತರಗತಿಯ ಶಿಕ್ಷಕರಲ್ಲ, ಆಯಾ ವಿಷಯದ ಶಿಕ್ಷಕರೇ ಸಹಿ ಮಾಡಬೇಕು ಎಂದು ಪೆನ್ಸಿಲಿನಲ್ಲಿ ಬರೆದರು. ಅದು ನಮಗೆ ಹೊಳೆಯದಿದ್ದ ಸರಿಯಾದ ತಿದ್ದುಪಡಿ, ಏಕೆಂದರೆ ಆ ನೋಟ್‌ಬುಕ್ ಇನ್ನು ಬೇಕೇ ಬೇಡವೇ ಎಂದು ಹೇಳಬಲ್ಲವರು ಅದನ್ನು ತಿದ್ದಿದವರೇ. ಪತ್ರದ ಮಾದರಿಯನ್ನು ಈಗ ಯಾರು ಕೇಳಿದರೂ ಆ ತಿದ್ದುಪಡಿಯನ್ನು ಸೇರಿಸಿಯೇ ಕೊಡುತ್ತೇನೆ.